ಕಟ್‌ಆಫ್ ಆರಿಸುವ ಕೆಲಸ ಸೂತ್ರದ್ದಲ್ಲ

"ನಮ್ಮ ಪ್ರಶ್ನಾವಳಿಯನ್ನು ಡಾಕ್ಟರ ಸಂದರ್ಶನದ ಜೊತೆ ಹೋಲಿಸಿ ನೋಡಿದ್ದೇವೆ. ಯೂಡೆನ್ ಸೂಚ್ಯಂಕ ಎಲ್ಲಿ ಜಾಸ್ತಿ ಬರುತ್ತೋ ಅಲ್ಲೇ ಕಟ್‌ಆಫ್ ಇಟ್ಟರೆ ಸಾಕಲ್ವಾ?"

ಸಾಲದು. ಆ ಸೂಚ್ಯಂಕ ನಿಮ್ಮನ್ನು ಕೇಳದೆಯೇ ನಿಮ್ಮ ಪರವಾಗಿ ಒಂದು ತೀರ್ಮಾನ ಮಾಡಿರುತ್ತದೆ.

ಖಿನ್ನತೆಗೆ ಬಳಸುವ ಪಿಎಚ್‌ಕ್ಯೂ-9 ತೆಗೆದುಕೊಳ್ಳೋಣ. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಖಿನ್ನತೆ ಇರಬಹುದು ಎನ್ನುವುದು ರೂಢಿ. ಆ ಹತ್ತೇ ಕಟ್‌ಆಫ್. ಈಗ ಲೆಕ್ಕಕ್ಕೆ ಅಂತ 400 ಜನರನ್ನು ಊಹಿಸಿಕೊಳ್ಳಿ. ಎಲ್ಲರೂ ಪ್ರಶ್ನಾವಳಿ ತುಂಬಿದರು. ಒಂದೆರಡು ದಿನದೊಳಗೆ ವೈದ್ಯರು ಅಷ್ಟೂ ಜನರನ್ನು ಸಂದರ್ಶನ ಮಾಡಿದರು. ಯಾರಿಗೆ ಎಷ್ಟು ಅಂಕ ಬಂದಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಕೊನೆಗೆ 80 ಜನರಿಗೆ ಖಿನ್ನತೆ ಇದೆ, 320 ಜನರಿಗೆ ಇಲ್ಲ ಎಂದಾಯಿತು.

ಕಟ್‌ಆಫ್ 10 ಇಟ್ಟರೆ 80 ರೋಗಿಗಳಲ್ಲಿ 64 ಜನ ಸಿಗುತ್ತಾರೆ. ಸೆನ್ಸಿಟಿವಿಟಿ 80%. ರೋಗವಿಲ್ಲದ 320 ಜನರಲ್ಲಿ 288 ಜನ ಸರಿಯಾಗಿ ಹೊರಗುಳಿಯುತ್ತಾರೆ. ಸ್ಪೆಸಿಫಿಸಿಟಿ 90%. ಇವೆರಡನ್ನೂ ಕೂಡಿ 1 ಕಳೆದರೆ ಯೂಡೆನ್ ಸೂಚ್ಯಂಕ: 0.70. ಕಟ್‌ಆಫ್ ಅನ್ನು 8ಕ್ಕೆ ಇಳಿಸಿದರೆ 72 ರೋಗಿಗಳು ಸಿಗುತ್ತಾರೆ, 240 ಜನ ಹೊರಗುಳಿಯುತ್ತಾರೆ. ಅಂದರೆ 90% ಮತ್ತು 75%, ಸೂಚ್ಯಂಕ 0.65. ಹಾಗಾಗಿ ಯೂಡೆನ್ ಹೇಳುವುದು ಹತ್ತೇ ಇರಲಿ ಅಂತ.

ಯಾಕೆ ಹಾಗೆ ಹೇಳುತ್ತದೆ ನೋಡಿ. ಎಂಟಕ್ಕೆ ಇಳಿದಾಗ ಹೊಸದಾಗಿ ಸಿಕ್ಕಿದ್ದು 8 ರೋಗಿಗಳು. ಅದಕ್ಕಾಗಿ ಸುಮ್ನೆ ಕರೆಸಬೇಕಾದವರು ಇನ್ನೂ 48 ಜನ. ಒಬ್ಬ ರೋಗಿಗೆ ಆರು ವ್ಯರ್ಥ ಸಂದರ್ಶನ. ಯೂಡೆನ್ ಎರಡೂ ಶೇಕಡಾವಾರುಗಳಿಗೆ ಒಂದೇ ಬೆಲೆ ಕಟ್ಟುತ್ತದೆ. ಈ ಗುಂಪಿನಲ್ಲಿ ರೋಗವಿಲ್ಲದವರು ರೋಗಿಗಳ ನಾಲ್ಕು ಪಟ್ಟು ಇರುವುದರಿಂದ, ಒಬ್ಬ ರೋಗಿ ತಪ್ಪಿಹೋಗುವುದು ಅದರ ಪ್ರಕಾರ ನಾಲ್ಕು ವ್ಯರ್ಥ ಸಂದರ್ಶನಕ್ಕೆ ಸಮ. ಆರು ನಾಲ್ಕಕ್ಕಿಂತ ಜಾಸ್ತಿ, ಆದ್ದರಿಂದ ಬೇಡ ಎನ್ನುತ್ತದೆ. ಈ ನಾಲ್ಕನ್ನು ನೀವು ಯೋಚಿಸಿ ಇಟ್ಟಿದ್ದಲ್ಲ. ನಿಮ್ಮ ಅಧ್ಯಯನಕ್ಕೆ ಯಾರ್ಯಾರು ಬಂದರೋ ಅದರಿಂದ ತಾನಾಗೇ ಬಂದದ್ದು.

ಮುಂದಿನ ಹಂತದಲ್ಲಿ ಅರ್ಧ ಗಂಟೆಯ ಸಂದರ್ಶನ ಮಾತ್ರ ಇದೆ, ಮಾಡಲು ಜನರೂ ಇದ್ದಾರೆ ಅಂದರೆ ನಾನು ಎಂಟನ್ನೇ ಆರಿಸುತ್ತೇನೆ. ಪಾಸಿಟಿವ್ ಬಂದವರಿಗೆ ನೇರವಾಗಿ ಔಷಧಿ ಶುರು ಮಾಡುವ ಯೋಜನೆಯಿದ್ದರೆ ಹತ್ತೂ ನನಗೆ ಕಡಿಮೆ ಅನಿಸುತ್ತದೆ. (ಒಟ್ಟು ಅಂಕ ಎಷ್ಟೇ ಇರಲಿ, ಸಾಯುವ ಅಥವಾ ತನಗೇ ಹಾನಿ ಮಾಡಿಕೊಳ್ಳುವ ಯೋಚನೆ ಕೇಳುವ ಒಂಬತ್ತನೇ ಪ್ರಶ್ನೆಗೆ ಹೌದು ಎಂದವರನ್ನು ಮಾತಾಡಿಸಲೇಬೇಕು. ಅಲ್ಲಿ ಕಟ್‌ಆಫ್ ಮಾತೇ ಬರುವುದಿಲ್ಲ.)

ಎಲ್ಲಿ ಬಳಸುತ್ತೀರಿ ಎನ್ನುವುದೂ ಮುಖ್ಯ. ಮೇಲಿನ ಗುಂಪಿನಲ್ಲಿ ಹತ್ತು ಅಥವಾ ಜಾಸ್ತಿ ಬಂದ 96 ಜನರಲ್ಲಿ 64 ಜನ ನಿಜವಾದ ರೋಗಿಗಳು, ಮೂರರಲ್ಲಿ ಎರಡು. ಅದೇ ಪ್ರಶ್ನಾವಳಿಯನ್ನು ನೂರಕ್ಕೆ ಐದು ಜನರಿಗಷ್ಟೇ ಖಿನ್ನತೆ ಇರುವ ಕಡೆ ಸಾವಿರ ಜನರಿಗೆ ಕೊಡಿ. ಹತ್ತು ಅಥವಾ ಜಾಸ್ತಿ ಬರುವವರು 135 ಜನ, ಅವರಲ್ಲಿ ನಿಜವಾದ ರೋಗಿಗಳು 40. ಅದೂ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡೂ ಅಲ್ಲಿ ಹಾಗೇ ಉಳಿದವು ಅಂದುಕೊಂಡರೆ.

ಇಷ್ಟೆಲ್ಲ ಲೆಕ್ಕಕ್ಕೆ ಮುಂಚೆ ನಾನು ಕೇಳುವ ಪ್ರಶ್ನೆ ಬೇರೆ: ಅಂಕ ಕಡಿಮೆ ಬಂದವರನ್ನು ಎಷ್ಟು ಜನರನ್ನು ಸಂದರ್ಶನ ಮಾಡಿದಿರಿ? ಬಹಳಷ್ಟು ಅಧ್ಯಯನ ಹಾಳಾಗುವುದು ಇಲ್ಲೇ. ಸಮಯ ಸಾಲದೆ, ಹತ್ತು ಅಥವಾ ಜಾಸ್ತಿ ಬಂದ 96 ಜನರನ್ನೂ ನೋಡಿ, ಉಳಿದ 304ರಲ್ಲಿ ಎಂಟಕ್ಕೆ ಒಬ್ಬರಂತೆ 38 ಜನರನ್ನಷ್ಟೇ ನೋಡಿದರು ಅನ್ನಿ. ಕಡಿಮೆ ಅಂಕದವರಲ್ಲಿದ್ದ 16 ರೋಗಿಗಳಲ್ಲಿ ಸುಮಾರು ಇಬ್ಬರು ಸಿಗುತ್ತಾರೆ, 288 ಜನರಲ್ಲಿ ಸುಮಾರು 36. ಆಗ ಸೆನ್ಸಿಟಿವಿಟಿ 66ಕ್ಕೆ 64, ಅಂದರೆ 97%! ಸ್ಪೆಸಿಫಿಸಿಟಿ 68ಕ್ಕೆ 36, ಬರೀ 53%. ಪ್ರಶ್ನಾವಳಿ ಅದೇ, ಜನರೂ ಅವರೇ. ಸೆನ್ಸಿಟಿವಿಟಿ ಆಕಾಶದಲ್ಲಿ, ಸ್ಪೆಸಿಫಿಸಿಟಿ ಪಾತಾಳದಲ್ಲಿ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಆ 38 ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರೆ ಸರಿಪಡಿಸಬಹುದು. ಒಬ್ಬೊಬ್ಬರನ್ನೂ ಎಂಟು ಜನ ಎಂದು ಎಣಿಸಿ: ಇಬ್ಬರು 16 ಆಗುತ್ತಾರೆ, 36 ಜನ 288. ಹಳೆಯ 80% ಮತ್ತು 90% ವಾಪಸ್ ಬರುತ್ತವೆ. ಆದರೆ ಆ 16 ನಿಂತಿರುವುದು ಇಬ್ಬರ ಮೇಲೆ. ಒಬ್ಬರೇ ಸಿಕ್ಕಿದ್ದರೆ ಸೆನ್ಸಿಟಿವಿಟಿ 89%, ಮೂವರು ಸಿಕ್ಕಿದ್ದರೆ 73% ಆಗುತ್ತಿತ್ತು. ಯಾರು ಒಪ್ಪಿದರೋ ಅವರನ್ನೇ ಸಂದರ್ಶನ ಮಾಡಿದ್ದರೆ ಈ ಎಂಟರ ಗುಣಾಕಾರಕ್ಕೂ ಅರ್ಥವಿಲ್ಲ.