ತೋಟದ ಕಚೇರಿಯ ಪ್ರಿಂಟರನ್ನು ಮತ್ತೆ ವೈಫೈಗೆ ಸೇರಿಸಿದ್ದು

ಗುರುವಾರ ಸಂಜೆ

ಸೋಮವಾರಪೇಟೆ ಬಳಿಯ ನಮ್ಮ ಕಾಫಿ ತೋಟದ ಕಚೇರಿಯಲ್ಲಿ ವೈಫೈ ಪಾಸ್‌ವರ್ಡ್ ಬದಲಾಗಿ ನಾಲ್ಕು ದಿನಗಳಾದವು. ಹಳೆಯ ಪಾಸ್‌ವರ್ಡನ್ನೇ ಇಟ್ಟುಕೊಂಡಿರುವ ಪ್ರಿಂಟರ್‌ನ ನೀಲಿ ದೀಪ ಅಂದಿನಿಂದ ಮಿನುಗುತ್ತಲೇ ಇದೆ. ಶನಿವಾರ ಬಟವಾಡೆ ಇರುವುದರಿಂದ ರೈಟರ್ ಅವರು, "ಸಾರ್, ನಾಳೆಯೊಳಗೆ ಪಟ್ಟಿ ತೆಗೆಯಬೇಕು" ಎಂದು ಎರಡು ಬಾರಿ ನೆನಪಿಸಿದರು.

ಈ ಪ್ರಿಂಟರ್‌ಗೆ ಟಚ್ ಪರದೆಯಿಲ್ಲ. ಎರಡು ಸಾಲಿನ ಕಿರುಪರದೆಯಲ್ಲಿ ಬಾಣದ ಗುಂಡಿ ಒತ್ತುತ್ತ ಒಂದೊಂದೇ ಅಕ್ಷರವನ್ನು ಆರಿಸಬೇಕು. ನೆಟ್‌ವರ್ಕ್ ಮೆನುವಿನಿಂದ ನಮ್ಮ ವೈಫೈ ಹೆಸರನ್ನು ಆರಿಸಿ, ಹದಿನಾಲ್ಕು ಅಕ್ಷರಗಳನ್ನು ತುಂಬಿದರೂ ಸಂಪರ್ಕ ಸಿಗಲಿಲ್ಲ. ಊಹಿಸುತ್ತ ಕೂರುವ ಬದಲು ಅದೇ ಮೆನುವಿನಿಂದ ನೆಟ್‌ವರ್ಕ್ ವರದಿಯನ್ನು ಮುದ್ರಿಸಿದೆ. ವೈಫೈ ಹೆಸರು ಕಂಡಿದೆ, ಸಿಗ್ನಲ್ ಚೆನ್ನಾಗಿದೆ, ದೃಢೀಕರಣ ಮಾತ್ರ ವಿಫಲವಾಗಿದೆ ಎಂದು ಅದರಲ್ಲಿತ್ತು. ಹೆಸರೇ ಕಂಡಿಲ್ಲವೆಂದಿದ್ದರೆ 2.4 ಗಿಗಾಹರ್ಟ್ಸ್ ವೈಫೈ ಆರಿದೆಯೇ ಎಂದು ರೂಟರನ್ನು ನೋಡಬೇಕಿತ್ತು, ಏಕೆಂದರೆ ನಮ್ಮ ಪ್ರಿಂಟರ್ 5 ಗಿಗಾಹರ್ಟ್ಸ್ ಅನ್ನು ಹಿಡಿಯುವುದಿಲ್ಲ. ಇಲ್ಲಿ ತಪ್ಪಿರುವುದು ತುಂಬಿದ ಅಕ್ಷರಗಳಲ್ಲೇ. ಆರಿಸಿದ ಅಕ್ಷರ ಕೂಡಲೇ ಚುಕ್ಕೆಯಾಗುವುದರಿಂದ ದೊಡ್ಡಕ್ಷರ, ಚಿಕ್ಕಕ್ಷರ ಯಾವುದು ಹೋಯಿತೆಂದು ತಿಳಿಯುವುದಿಲ್ಲ.

ಶುಕ್ರವಾರ ಬೆಳಿಗ್ಗೆ

ಪಾಸ್‌ವರ್ಡನ್ನು ಕಣ್ಣಿಗೆ ಕಾಣುವಂತೆ ಬರೆಯಲು ಪ್ರಿಂಟರ್‌ನ ಸ್ವಂತ ಸೆಟಪ್ ಪುಟವೇ ಸರಿಯೆನಿಸಿತು. ಪ್ರಿಂಟರ್ ರೂಟರ್‌ನ ನೆರವಿಲ್ಲದೆ ತಾನೇ ಹೊರಡಿಸುವ ವೈಫೈ ಡೈರೆಕ್ಟ್ ಸಂಪರ್ಕದ ಹೆಸರು, ಪಾಸ್‌ವರ್ಡ್, ವಿಳಾಸ ಮೂರೂ ನಿನ್ನೆಯ ವರದಿಯಲ್ಲಿದ್ದವು. ಫೋನನ್ನು ಅದಕ್ಕೆ ಸೇರಿಸಿ ಬ್ರೌಸರ್‌ನಲ್ಲಿ ಆ ವಿಳಾಸವನ್ನು ಬರೆದರೆ ಪುಟ ತೆರೆಯಲಿಲ್ಲ. ಈ ಸಂಪರ್ಕದಲ್ಲಿ ಇಂಟರ್ನೆಟ್ ಇಲ್ಲವೆಂದು ಕಂಡ ಫೋನು ಮೊಬೈಲ್ ಡೇಟಾದ ಮೂಲಕ ಪುಟವನ್ನು ಹುಡುಕುತ್ತಿತ್ತು. ಡೇಟಾ ಆಫ್ ಮಾಡಿದ ಕೂಡಲೇ ತೆರೆಯಿತು. ಪ್ರಮಾಣಪತ್ರದ ಎಚ್ಚರಿಕೆಯೊಂದು ಬಂತು. ಪ್ರಿಂಟರ್ ತನಗೆ ತಾನೇ ಸಹಿ ಹಾಕಿಕೊಂಡ ಪ್ರಮಾಣಪತ್ರ ಅದಾದ್ದರಿಂದ, ವಿಳಾಸ ವರದಿಯಲ್ಲಿರುವುದೇ ಎಂದು ಹೋಲಿಸಿ ಮುಂದುವರಿದೆ.

ವೈರ್‌ಲೆಸ್ ಭಾಗದಲ್ಲಿ ಹೊಸ ಪಾಸ್‌ವರ್ಡನ್ನು ಬರೆದು ಉಳಿಸಿದಾಗ ಫೋನಿನ ಸಂಪರ್ಕ ಕಡಿಯಿತು. ಇದು ಸೋಲಲ್ಲ. ರೂಟರ್‌ಗೆ ಸೇರುವ ಪ್ರಿಂಟರ್ ತನ್ನ ಡೈರೆಕ್ಟ್ ಸಂಪರ್ಕವನ್ನೂ ರೂಟರ್‌ನ ಚಾನೆಲ್‌ಗೆ ಒಯ್ಯುವಾಗ ಹೀಗಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ನೀಲಿ ದೀಪ ಸ್ಥಿರವಾಯಿತು.

ಶುಕ್ರವಾರ ಮಧ್ಯಾಹ್ನ

ಆದರೂ ರೈಟರ್ ಅವರ ಕಂಪ್ಯೂಟರ್ ಪ್ರಿಂಟರನ್ನು ಆಫ್‌ಲೈನ್ ಎಂದೇ ತೋರಿಸಿತು. ಹೊಸದಾಗಿ ಮುದ್ರಿಸಿದ ವರದಿಯಲ್ಲಿ ವಿಳಾಸ `192.168.1.31` ಎಂದಿದ್ದರೆ, ಕಂಪ್ಯೂಟರ್‌ನ ಪ್ರಿಂಟರ್ ಪೋರ್ಟ್‌ನಲ್ಲಿ ಇನ್ನೂ ಹಳೆಯ `192.168.1.23` ಇತ್ತು. ಪ್ರಿಂಟರ್ ನಾಲ್ಕು ದಿನ ಹೊರಗಿದ್ದುದರಿಂದ ರೂಟರ್ ಅದಕ್ಕೆ ಬೇರೆ ವಿಳಾಸ ಕೊಟ್ಟಿದೆ. ಪೋರ್ಟ್‌ನಲ್ಲಿ ಹೊಸ ವಿಳಾಸವನ್ನು ಬರೆದ ಮೇಲೆ, ತಡೆದು ನಿಂತಿದ್ದ ಬಟವಾಡೆ ಪಟ್ಟಿಯ ಆರು ಪುಟಗಳೂ ತಾವಾಗಿಯೇ ಹೊರಬಂದವು. ಪ್ರಿಂಟರ್‌ನ ಮ್ಯಾಕ್ ವಿಳಾಸಕ್ಕೆ `192.168.1.31` ಅನ್ನೇ ಕಾಯ್ದಿರಿಸುವಂತೆ ರೂಟರ್‌ನಲ್ಲಿ ನಮೂದಿಸಿ, ಎರಡನೆಯ ವರದಿಯನ್ನು ಪ್ರಿಂಟರ್‌ನ ಮುಚ್ಚಳದ ಒಳಬದಿಗೆ ಅಂಟಿಸಿದ್ದೇನೆ.