ಹೂಮಳೆ ಗಾಡಿ, ಭಾಗ 4: ತಂತಿ ಬದಲಿಸಿ ಮುಚ್ಚಿಟ್ಟಿದ್ದ ತಪ್ಪು

ನಿನ್ನೆ ರಾತ್ರಿ ಹನ್ನೊಂದೂವರೆಗೆ ಗಾಡಿ ಸರಿಯಾಗಿ ಓಡಿತು. 60 ಸೆಂಟಿಮೀಟರ್ ಗುರುತನ್ನು ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಲ್ಲಿ ದಾಟಿ, ಅದೇ ವೇಗದಲ್ಲಿ ಮುಂದಕ್ಕೆ ಹೋಯಿತು. ಖುಷಿಗೆ ಇನ್ನೂ ಏಳೆಂಟು ಸಲ ಓಡಿಸಿದೆ. ಆಮೇಲೆ ಕರೆಂಟ್ ಹೋಯಿತು. ಗಾಡಿಗೆ 12 ವೋಲ್ಟ್ ಬ್ಯಾಟರಿ ಇದ್ದದ್ದರಿಂದ ಟಾರ್ಚ್ ಹಿಡಿದುಕೊಂಡು ಮತ್ತೆರಡು ಸಲ ನೋಡಿದೆ.

ಹಿಂದಿನ ಭಾಗ ಓದದವರಿಗೆ ಎರಡು ಮಾತು. ಎರಡು ಮೀಟರ್ ಅಲ್ಯೂಮಿನಿಯಂ ರೈಲು, ಅದರ ಮೇಲೆ ಕ್ಯಾಮೆರಾ ಹೊತ್ತ ಗಾಡಿ, ಟೈಮಿಂಗ್ ಬೆಲ್ಟ್, ಡಿಸಿ ಮೋಟರ್. ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ರೊಬಸ್ಟಾ ಅರಳಿದಾಗ ಕೊಂಬೆಯ ಉದ್ದಕ್ಕೂ ಒಂದೇ ವೇಗದಲ್ಲಿ ಕ್ಯಾಮೆರಾ ಸಾಗಬೇಕು. ಮಳೆ ಬಿದ್ದರೂ ಒದ್ದೆಯಾಗಬಾರದು ಅಂತ ಮೋಟರನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿಟ್ಟಿದ್ದೇನೆ. ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಕಡಿಮೆ ಶಕ್ತಿಯ ದಾರಿ ನನಗೆ ಬೇಕಾದದ್ದು ಇದಕ್ಕೇ. ಡ್ರೈವರ್ ಕರೆಂಟನ್ನು ಹಿಡಿತದಲ್ಲಿಡುತ್ತದೆ, ಕರೆಂಟ್ ಎಷ್ಟೋ ವೇಗವರ್ಧನೆ u ಅಷ್ಟು. ಸುರುಳಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ u² ಮೊತ್ತ ಕಡಿಮೆ ಮಾಡಿದರೆ ಡಬ್ಬಿ ತಣ್ಣಗಿರುತ್ತದೆ.

ಪುಲ್ಲಿಯ ವಿಷಯ ಹೇಳಲೇಬೇಕು. 5 ಮಿಲಿಮೀಟರ್ ತೂತಿನದ್ದು ಅಂತ ಸ್ಪಷ್ಟವಾಗಿ ಬರೆದು ಆರ್ಡರ್ ಮಾಡಿದ್ದೆ. ಎರಡು ಸಲವೂ 6 ಮಿಲಿಮೀಟರ್‌ನದ್ದೇ ಬಂತು. ಕೊರಿಯರ್‌ನವರು ಮನೆ ತನಕ ಬರುವುದಿಲ್ಲ, ಪ್ರತಿ ಸಲ ಗೋಣಿಕೊಪ್ಪಕ್ಕೆ ಹೋಗಿ ತರಬೇಕು. ಹನ್ನೆರಡು ದಿನ ಇದಕ್ಕೇ ಹೋಯಿತು. ಕೊನೆಗೆ ಪೇಟೆಯ ಲೇತ್ ಅಂಗಡಿಯಲ್ಲಿ ಒಂದು ಹಿತ್ತಾಳೆ ಬುಷ್ ಮಾಡಿಸಿ ಹಾಕಿದೆ. ಅಳತೆ ಇಷ್ಟು ಸರಿಯಾಗಿ ಬರೆದು ಕೊಟ್ಟ ಮೇಲೂ ಹೀಗೆ ಮಾಡಿದರೆ ಸಿಟ್ಟು ಬರ್ತದೆ ಅಲ್ವಾ?

ಈಗ ಅಸಲು ಕಥೆ. ಡಬಲ್ ಇಂಟಿಗ್ರೇಟರಿನ ಗ್ರಾಮಿಯನ್ ನಿಮಗೆಲ್ಲ ಗೊತ್ತಿರುವುದೇ:

```
W    = [ T^3/3   T^2/2 ]     W^-1 = [ 12/T^3   -6/T^2 ]
       [ T^2/2   T     ]            [ -6/T^2    4/T   ]
```

ನಿಂತಲ್ಲಿಂದ ಹೊರಟು ಇನ್ನೊಂದು ಕಡೆ ನಿಲ್ಲುವುದನ್ನು ಮೊದಲು ಮಾಡಿದೆ. ಗಾಡಿ 60 ಸೆಂಟಿಮೀಟರ್ ಮುಂದೆ ಹೋಗುವ ಬದಲು ಅಷ್ಟೇ ದೂರ ಹಿಂದಕ್ಕೆ ಹೋಗಿ ನೀಟಾಗಿ ನಿಂತಿತು. ನಿಮ್ಮಲ್ಲಿ ಯಾರಾದರೂ ಏನು ಮಾಡುತ್ತಿದ್ದಿರಿ? ಮೋಟರಿನ ಎರಡು ತಂತಿ ಅದಲುಬದಲು ಮಾಡುತ್ತಿದ್ದಿರಿ. ನಾನೂ ಮಾಡಿದೆ. ಗಾಡಿ ಸರಿಯಾಗಿ ಮುಂದೆ ಹೋಗಿ ಸರಿಯಾದ ಜಾಗದಲ್ಲಿ ನಿಂತಿತು. ಮೂರು ವಾರ ಹಾಗೇ ಚೆನ್ನಾಗಿ ಓಡಿತು.

ಚಿತ್ರೀಕರಣಕ್ಕೆ ಮಾತ್ರ ಗಾಡಿ ನಿಲ್ಲುವಂತಿಲ್ಲ. 60 ಸೆಂಟಿಮೀಟರ್ ಓಡಿ ಬಂದು, ಆ ಗುರುತಿನಲ್ಲಿ ಸೆಕೆಂಡಿಗೆ 0.2 ಮೀಟರ್ ವೇಗದಲ್ಲೇ ಇರಬೇಕು. 4 ಸೆಕೆಂಡ್ ಕೊಟ್ಟು ಓಡಿಸಿದೆ. ಗಾಡಿ ಒಂದು ಸೆಂಟಿಮೀಟರ್ ಕೂಡ ಮುಂದೆ ಬರಲಿಲ್ಲ. ಸ್ವಲ್ಪ ಮಿಸುಕಿ, ಹಿಂದೆ ತಿರುಗಿ, ಹೋಗ್ತಾ ಹೋಗ್ತಾ ಜೋರಾಗಿ, ರೈಲಿನ ತುದಿಯ ಸ್ಟಾಪರ್‌ಗೆ ಟಕ್ ಅಂತ ಹೊಡೆಯಿತು. ಹೊರಡುವ ಜಾಗದ ಹಿಂದೆ 30 ಸೆಂಟಿಮೀಟರ್ ಬಿಟ್ಟಿದ್ದರಿಂದ ಕ್ಯಾಮೆರಾ ಉಳಿಯಿತು.

ಮೊದಲು ಗ್ರಾಮಿಯನ್ ಮೇಲೆ ಅನುಮಾನ ಬಂತು. ಕೈಯಲ್ಲಿ ಲೆಕ್ಕ ಹಾಕಿದೆ, ಸರಿ ಇತ್ತು. ಎನ್‌ಕೋಡರ್ ಎಣಿಕೆಯನ್ನು ಟೇಪಿನಿಂದ ಅಳೆದು ನೋಡಿದೆ, ಅದೂ ಸರಿ. ನಾಲ್ಕು ಸಂಜೆ ಹೀಗೇ ಹೋಯಿತು. ಐದನೇ ಸಂಜೆ T ಅನ್ನು 4ರಲ್ಲೇ ಇಟ್ಟು, ಕೊನೆಯ ವೇಗವನ್ನು ಮಾತ್ರ ಬದಲಿಸಿ, ಗಾಡಿ 4 ಸೆಕೆಂಡಿಗೆ ಎಲ್ಲಿರುತ್ತದೆ ಅಂತ ಬರೆಯುತ್ತಾ ಹೋದೆ. ವೇಗ ಸೊನ್ನೆ ಕೇಳಿದರೆ 60 ಸೆಂಟಿಮೀಟರ್. 0.1 ಕೇಳಿದರೆ ಸುಮಾರು 20. 0.2 ಕೇಳಿದರೆ ಮೈನಸ್ 20. ಪ್ರತಿ 0.1ಕ್ಕೆ 40 ಸೆಂಟಿಮೀಟರ್ ಕೊರತೆ. ವೇಗವೂ ಕೇಳಿದಷ್ಟೇ ಬರುತ್ತಿತ್ತು, ಆದರೆ ತಿರುವುಮುರುವಾಗಿ. T ಅನ್ನು 3 ಮಾಡಿದೆ. ಕೊರತೆ 40ರಿಂದ 30ಕ್ಕೆ ಇಳಿಯಿತು. ಅಂದರೆ ತಪ್ಪು ಸರಿಯಾಗಿ T ಗುಣಿಸು v. ಘರ್ಷಣೆಯಿಂದಲೋ ಬೆಲ್ಟ್ ಜಾರುವುದರಿಂದಲೋ ಇಷ್ಟು ಅಚ್ಚುಕಟ್ಟಾದ ತಪ್ಪು ಬರುವುದಿಲ್ಲ. ಇದು ಲೆಕ್ಕದೊಳಗಿನ ತಪ್ಪೇ.

ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಮಾವ, ಮೋಟರ್ ಇಲ್ಲದೆ ಬರೀ ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಿದ್ರಾ?" ನೋಡಿರಲಿಲ್ಲ. ಫೋನ್ ಇಡುವ ಮೊದಲೇ ಹತ್ತು ಸಾಲಿನ ಸಿಮ್ಯುಲೇಶನ್ ಬರೆದು, ಹಳೆಯ ನಿಂತಲ್ಲಿಂದ ನಿಲ್ಲುವ ಓಟವನ್ನೇ ಹಾಕಿದೆ. ಮೈನಸ್ 0.6 ಬಂತು. ಕಂಪ್ಯೂಟರ್‌ನಲ್ಲಿ ಅದಲುಬದಲು ಮಾಡಲು ತಂತಿ ಇಲ್ಲ. ಹಾಗಾದರೆ ನನ್ನ ತಂತಿ ಮೊದಲೇ ಸರಿ ಇತ್ತು!

ತಪ್ಪು ಇದ್ದದ್ದು ಈ ಸಾಲಿನಲ್ಲಿ. ಮೇಲಿನದು ನಾನು ಬರೆದದ್ದು, ಕೆಳಗಿನದು ಇರಬೇಕಾದದ್ದು:

```python
u = lambda t: t*eta[0] + eta[1]
u = lambda t: (T - t)*eta[0] + eta[1]
```

ಇಲ್ಲಿ eta ಅಂದರೆ `W^-1 (x1 - e^(AT) x0)`. ಅದರ ಮುಂದೆ ಬರಬೇಕಾದದ್ದು `B' e^(A'(T-t))`, ಅಂದರೆ [T-t, 1]. ಇದನ್ನು ಸೂತ್ರ ಅಂತ ನೆನಪಿಟ್ಟುಕೊಂಡರೆ ತಪ್ಪಿಹೋಗುತ್ತದೆ, ಗಾಡಿಯನ್ನೇ ನೆನೆದರೆ ತಪ್ಪುವುದಿಲ್ಲ. t ಹೊತ್ತಿನಲ್ಲಿ ಗಾಡಿಗೆ ಒಂದು ಸಣ್ಣ ನೂಕು ಕೊಟ್ಟಿರಿ ಅನ್ನಿ. ಆ ನೂಕು ವೇಗಕ್ಕೆ ಎಷ್ಟು ಸೇರಿಸಿತೋ ಅಷ್ಟು ಕೊನೆತನಕ ಉಳಿಯುತ್ತದೆ, ಅದು 1. ಜಾಗಕ್ಕೆ ಎಷ್ಟು ಸೇರುತ್ತದೆ ಅನ್ನುವುದು ಇನ್ನೆಷ್ಟು ಹೊತ್ತು ಉಳಿದಿದೆ ಅನ್ನುವುದರ ಮೇಲೆ, ಅದು T-t. ಬೇಗ ನೂಕಿದರೆ ದೂರ ಜಾಸ್ತಿ, ಕೊನೇ ಗಳಿಗೆಯಲ್ಲಿ ನೂಕಿದರೆ ವೇಗ ಮಾತ್ರ ಬದಲಾಗುತ್ತದೆ. ನಾನು t ಬರೆದು, ಕೊನೆಯ ನೂಕಿಗೇ ದೂರದ ಲಾಭ ಜಾಸ್ತಿ ಅಂತ ಗಾಡಿಗೆ ಹೇಳಿದ್ದೆ. ಗ್ರಾಮಿಯನ್ ಪರೀಕ್ಷಿಸಿದರೆ ಇದು ಸಿಗುವುದೇ ಇಲ್ಲ. 0ಯಿಂದ T ತನಕ ಮೊತ್ತ ಹಾಕುವಾಗ t ಇದ್ದರೂ T-t ಇದ್ದರೂ ಅದೇ W ಬರುತ್ತದೆ.

ಹಾಗಾದರೆ ಮೂರು ವಾರ ಹೇಗೆ ಸರಿಯಾಗಿ ಓಡಿತು? t ಬರೆದದ್ದರಿಂದ ಆದದ್ದು ಇಷ್ಟೇ: ಸರಿಯಾದ ನೂಕುಗಳ ಪಟ್ಟಿ ಕೊನೆಯಿಂದ ಮೊದಲಿಗೆ ಓಡಿತು. ನಿಂತಲ್ಲಿಂದ ನಿಲ್ಲುವ ಓಟದಲ್ಲಿ ಆ ಪಟ್ಟಿ 0.225ರಿಂದ ಶುರುವಾಗಿ ನೇರ ಗೆರೆಯಲ್ಲಿ ಇಳಿದು ಮೈನಸ್ 0.225ಕ್ಕೆ ಮುಗಿಯುತ್ತದೆ. ಅದನ್ನು ತಿರುಗಿಸಿ ಓದಿದರೂ ಒಂದೇ, ಮುಂದೆ ಮೈನಸ್ ಹಾಕಿದರೂ ಒಂದೇ. ತಂತಿ ಬದಲಿಸಿದಾಗ ಇನ್ನೊಂದು ಮೈನಸ್ ಬಂದು ಎರಡೂ ಹೊಡೆದುಹೋದವು. ಕೊನೆಯಲ್ಲಿ ವೇಗ ಬೇಕೆಂದ ಕೂಡಲೇ ಪಟ್ಟಿಯ ಆ ಸಮತೋಲ ಹೋಗುತ್ತದೆ. ನನ್ನ ಓಟದಲ್ಲಿ ಅದು 0.125ರಿಂದ ಮೈನಸ್ 0.025ಕ್ಕೆ ಹೋಗಬೇಕಿತ್ತು. ತಿರುಗಿ, ಮೈನಸ್ ಆಗಿ, 0.025ರಿಂದ ಮೈನಸ್ 0.125ಕ್ಕೆ ಹೋಯಿತು. ಸ್ವಲ್ಪ ಮಿಸುಕಿ ಹಿಂದೆ ಓಡಿದ್ದು ಅದಕ್ಕೇ.

ಒಂದು ಸುಳಿವು ಮೊದಲೇ ಇತ್ತು. ಘರ್ಷಣೆ ಸರಿದೂಗಿಸಲು ಗಾಡಿ ಹೋಗುವ ದಿಕ್ಕಿಗೆ ಸ್ವಲ್ಪ ಕರೆಂಟ್ ಸೇರಿಸುತ್ತೇನೆ. ತಂತಿ ಬದಲಿಸಿದ ಮೇಲೆ ಅದರ ಮುಂದೆ ಮೈನಸ್ ಹಾಕಿದರೆ ಮಾತ್ರ ಸರಿಯಾಗುತ್ತಿತ್ತು. ಎಲ್ಲೋ ಒಂದು ಕಡೆ ಕಾರಣ ಗೊತ್ತಿಲ್ಲದ ಮೈನಸ್ ಬೇಕಾದರೆ ಅಲ್ಲೇ ನಿಂತು ಹುಡುಕಿ. ನಿನ್ನೆ ತಂತಿಯನ್ನು ಮೊದಲಿನಂತೆ ಹಾಕಿದೆ, T-t ಬರೆದೆ, ಆ ಮೈನಸ್ ಅಳಿಸಿದೆ. ಮೂರೂ ಒಟ್ಟಿಗೆ ಸರಿಯಾದವು.

ಇವತ್ತು ಬೆಳಿಗ್ಗೆ ಇನ್ನೊಂದು ಆಯಿತು. ಸಮಯ ಹೆಚ್ಚು ಕೊಟ್ಟರೆ ಬಿಸಿ ಇನ್ನೂ ಕಡಿಮೆ ಅಂತ T ಅನ್ನು 12 ಮಾಡಿದೆ. ಗಾಡಿ ಮತ್ತೆ ಹಿಂದಕ್ಕೆ ಹೊರಟಿತು! ಎದೆ ಧಸಕ್ಕೆಂದಿತು. ಎರಡು ಸೆಂಟಿಮೀಟರ್ ಹಿಂದೆ ಸರಿದು, ಆಮೇಲೆ ಮುಂದೆ ಬಂದು ಸರಿಯಾಗಿ ಗುರುತು ದಾಟಿತು. ಇದು ತಪ್ಪಲ್ಲ. ಗುದ್ದುವ ಮೊದಲು ಟಗರು ಹಿಂದೆ ಸರಿಯುತ್ತದಲ್ಲ, ಅದೇ. 60 ಸೆಂಟಿಮೀಟರ್‌ಗೆ 12 ಸೆಕೆಂಡ್ ತುಂಬಾ ಜಾಸ್ತಿ, ಆದರೂ ಕೊನೆಯಲ್ಲಿ 0.2 ವೇಗ ಬೇಕು. ಓಡಲು ಜಾಗ ಬೇಕಾಗಿ ಅದು ಹಿಂದೆ ಹೋಗುತ್ತದೆ. ಲೆಕ್ಕ ಹಾಕಿದರೆ ಗಡಿ 3d/v, ಇಲ್ಲಿ 9 ಸೆಕೆಂಡ್. ಅದಕ್ಕಿಂತ ಜಾಸ್ತಿ ಕೊಟ್ಟರೆ ಹಿಂದೆ ಸರಿಯುವುದು ಖಂಡಿತ, ಹಿಂದೆ ಜಾಗ ಬಿಟ್ಟಿರಬೇಕು.

ಲಾಭವೂ ಅಲ್ಲಿಗೆ ಮುಗಿಯುತ್ತದೆ. u² ಮೊತ್ತ 4 ಸೆಕೆಂಡಿಗೆ 0.0175, 9ಕ್ಕೆ 0.0059, 12ಕ್ಕೆ 0.0058. ಇನ್ನು ಘರ್ಷಣೆ ಬೇರೆ ಇದೆ. ರೈಲಿನ ಒಂದು ತುದಿಯನ್ನು ಮೀಟರಿಗೆ 5 ಮಿಲಿಮೀಟರ್ ಎತ್ತಿದರೆ ನನ್ನ ಗಾಡಿ ಒಂದೇ ವೇಗದಲ್ಲಿ ಉರುಳುತ್ತದೆ, ಅಂದರೆ ಘರ್ಷಣೆಗೆ ಸುಮಾರು 0.05ರಷ್ಟು u ಸದಾ ಬೇಕು. ಅದರ ವರ್ಗವನ್ನು 12 ಸೆಕೆಂಡಿಗೆ ಕೂಡಿದರೆ 0.03. ನೂಕಿನ ಲೆಕ್ಕದ ಐದು ಪಟ್ಟು! ಸುಮ್ನೆ ನಿಧಾನ ಮಾಡುವುದರಿಂದ ಡಬ್ಬಿ ಬಿಸಿಯೇ ಆಗುತ್ತದೆ. ಗ್ರಾಮಿಯನ್‌ಗೆ ಘರ್ಷಣೆ ಗೊತ್ತಿಲ್ಲ, ಅದನ್ನು ನಾವೇ ನೋಡಿಕೊಳ್ಳಬೇಕು.

ನಾನು 4.5 ಸೆಕೆಂಡ್ ಆರಿಸಿಕೊಂಡೆ. 1.5d/v ಕೊಟ್ಟರೆ u ಇಳಿಯುತ್ತಾ ಬಂದು ಗುರುತಿನ ಹತ್ತಿರ ಸರಿಯಾಗಿ ಸೊನ್ನೆಯಾಗುತ್ತದೆ. ಅಲ್ಲಿಂದ ಒಂದೇ ವೇಗದ ಓಟಕ್ಕೆ ಸೇರುವಾಗ ಕ್ಯಾಮೆರಾ ಅಲುಗುವುದಿಲ್ಲ. ಗಾಡಿಯ ಮೇಲೆ ಅರ್ಧ ಲೋಟ ನೀರಿಟ್ಟು ನೋಡಿದೆ. 4 ಸೆಕೆಂಡಿನ ಓಟದಲ್ಲಿ ಗುರುತು ದಾಟುವಾಗ ನೀರು ಒಮ್ಮೆ ತುಳುಕುತ್ತಿತ್ತು, 4.5ರಲ್ಲಿ ಆ ಜಾಗದಲ್ಲಿ ಏನೂ ಇಲ್ಲ.

ತೋಡಿನ ಆಚೆಯಿಂದ ಕಾಫಿ ಮೂಟೆ ತರಲು ತಂತಿಯ ಮೇಲೆ ಓಡುವ ತೊಟ್ಟಿಲೊಂದನ್ನು ಮಾಡಬೇಕು ಅಂತ ಬಹಳ ದಿನದಿಂದ ಇದೆ. ಎರಡೂವರೆ ಮೀಟರ್ ಹಗ್ಗದಲ್ಲಿ ನೇತಾಡುವ ಮೂಟೆ ಮೂರು ಸೆಕೆಂಡಿಗೊಮ್ಮೆ ತೂಗುತ್ತದೆ. ಜಾಗ, ವೇಗದ ಜೊತೆ ತೂಗುವ ಕೋನ, ಅದರ ವೇಗ, ಹೀಗೆ ನಾಲ್ಕು ಸ್ಥಿತಿ. ನಾಲ್ಕು ಸಾಲಿನ ಗ್ರಾಮಿಯನ್. ಮೂಟೆ ಆಚೆ ದಡದಿಂದ ಹೊರಟು ಈಚೆ ಬಂದಾಗ ತೂಗದೆ ನಿಲ್ಲಬೇಕು. ಈ ಸಲ ಮೊದಲು ಸಿಮ್ಯುಲೇಶನ್, ಅದೂ ಕೊನೆಯಲ್ಲಿ ವೇಗ ಇರುವ ಓಟದಿಂದಲೇ ಶುರು. ನಿಂತಲ್ಲಿಂದ ನಿಲ್ಲುವ ಓಟವನ್ನು ನಾನಿನ್ನು ಪರೀಕ್ಷೆ ಅಂತ ನಂಬುವುದಿಲ್ಲ.

ಅದಕ್ಕೆ ಮುಂಚೆ ಬ್ರೇಕ್ ಓಟ ಬಾಕಿ ಇದೆ: 0.2 ವೇಗದಿಂದ 30 ಸೆಂಟಿಮೀಟರ್ ಒಳಗೆ ನಿಲ್ಲುವುದು. ಓಡಿ ಬಂದದ್ದನ್ನೇ ತಿರುಗಿಸಿದರೆ 2.25 ಸೆಕೆಂಡ್ ಬರುತ್ತದೆ. ರೈಲನ್ನು ನಾಳೆ ತೋಟಕ್ಕೆ ಒಯ್ಯುತ್ತೇನೆ. ಮೊಗ್ಗು ಕಡ್ಡಿಯಷ್ಟಾಗಿವೆ, ಮಳೆ ಇನ್ನೂ ಬಿದ್ದಿಲ್ಲ.