ಆ ಹುಳಕ್ಕೆ ಆಕ್ಸಿಜನ್ ಎಲ್ಲಿಂದ ಬಂತು?

ಭಾನುವಾರ ವಾಸ್ಕೋದಲ್ಲಿ ನಮ್ಮ ಕನ್ನಡದವರೆಲ್ಲ ಸೇರಿ ಮಕ್ಕಳಿಗೆ ಸಮುದ್ರದ ಬಗ್ಗೆ ಒಂದು ಮಾತುಕತೆ ಇಟ್ಟುಕೊಂಡಿದ್ದೆವು. ಮಾತಾಡಲು ಬಂದವರು ಕಡಲತಳದ ಬಿಸಿನೀರಿನ ಬುಗ್ಗೆಗಳ, ಅಲ್ಲಿ ಬದುಕುವ ಕೊಳವೆಹುಳುಗಳ ಫೋಟೋ ತೋರಿಸಿ, 'ಇಲ್ಲಿ ಬದುಕೋರಿಗೆ ಸೂರ್ಯನ ಹಂಗೇ ಇಲ್ಲ' ಅಂದರು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ಕೇಳಿದಳು, 'ಸರ್, ಆ ಹುಳಕ್ಕೆ ಆಕ್ಸಿಜನ್ ಎಲ್ಲಿಂದ ಬರುತ್ತೆ?' 'ನೀರಲ್ಲೇ ಇರುತ್ತಮ್ಮ, ಕೂತ್ಕೋ.'

ಆ 'ಕೂತ್ಕೋ' ಈ ವಾರವಿಡೀ ತಲೆ ತಿನ್ನುತ್ತಿದೆ. ಮನುಷ್ಯ ಒಳ್ಳೆಯವರೇ, ಆದರೆ ಸ್ಲೈಡ್ ಮುಗಿಸೋ ಅವಸರ ಜಾಸ್ತಿ.

1977ರಲ್ಲಿ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಹತ್ತಿರ, ಸುಮಾರು 2,500 ಮೀಟರ್ ಆಳದಲ್ಲಿ ಈ ಬುಗ್ಗೆಗಳು ಸಿಕ್ಕವು. ಹೋದವರು ಭೂವಿಜ್ಞಾನಿಗಳು, ಜೀವಿಗಳು ಸಿಗುತ್ತವೆ ಅಂತ ಅಂದುಕೊಂಡಿರಲೇ ಇಲ್ಲ. ಅಲ್ಲಿನ ಕೊಳವೆಹುಳು ಮನುಷ್ಯನಷ್ಟು ಉದ್ದ ಬೆಳೆಯುತ್ತೆ. ಬಿಳಿ ಕೊಳವೆ, ತುದಿಯಲ್ಲಿ ಕೆಂಪು ಗರಿ. ಬಾಯಿಲ್ಲ, ಹೊಟ್ಟೆಯಿಲ್ಲ. ಹಾಗಾದ್ರೆ ತಿನ್ನೋದು ಹೇಗೆ? 1980ರಲ್ಲಿ ಹಾರ್ವರ್ಡ್‌ನಲ್ಲಿ ಹುಳುಗಳ ತಜ್ಞ ಮೆರೆಡಿತ್ ಜೋನ್ಸ್ ಉಪನ್ಯಾಸ ಕೊಡುತ್ತಾ, ಹುಳದ ಒಳಗೆ ಗಂಧಕದ ಹರಳು ಸಿಕ್ಕಿತು ಅಂದಾಗ, ವಿದ್ಯಾರ್ಥಿನಿ ಕೊಲೀನ್ ಕ್ಯಾವನಾ ಎದ್ದು ನಿಂತು, 'ಒಳಗೆ ಗಂಧಕ ಬಳಸಿ ಬದುಕೋ ಬ್ಯಾಕ್ಟೀರಿಯಾ ಇರಲೇಬೇಕು' ಅಂದಳು. ಜೋನ್ಸ್ ಆಮೇಲೆ ಅವಳಿಗೆ ಹುಳದ ತುಂಡು ಕಳಿಸಿಕೊಟ್ಟರು. ಅವಳ ಮಾತು ನಿಜವಾಗಿತ್ತು. ನೋಡಿ, ಅಲ್ಲೂ ಒಬ್ಬ ಹುಡುಗಿ ಎದ್ದು ನಿಂತಿದ್ದಳು.

ನಡೆಯೋದು ಇಷ್ಟು. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬುಗ್ಗೆಯಿಂದ ಬರುತ್ತೆ. ಆಕ್ಸಿಜನ್ ಸುತ್ತಲಿನ ತಣ್ಣೀರಿನಿಂದ ಬರುತ್ತೆ, ಬುಗ್ಗೆಯ ನೀರಿನಲ್ಲಿ ಅದು ಇರೋದೇ ಇಲ್ಲ. ಎರಡೂ ಬೆರೆತರೆ ನಿಧಾನಕ್ಕೆ ತಮ್ಮಷ್ಟಕ್ಕೆ ತಾವೇ ಪ್ರತಿಕ್ರಿಯಿಸಿ ಖರ್ಚಾಗಿಬಿಡುತ್ತವೆ, ಅದಕ್ಕೇ ಹುಳು ಎರಡು ನೀರು ಸೇರುವ ಜಾಗದಲ್ಲೇ ಬೇರೂರುತ್ತೆ. ಕೆಂಪು ಗರಿಯಲ್ಲಿರುವ ಹಿಮೋಗ್ಲೋಬಿನ್ ಎರಡನ್ನೂ ಬೇರೆ ಬೇರೆ ಜಾಗದಲ್ಲಿ ಹಿಡಿದು ಒಳಗಿನ ಬ್ಯಾಕ್ಟೀರಿಯಾಗೆ ಹೊತ್ತೊಯ್ಯುತ್ತೆ. ನಮ್ಮ ರಕ್ತಕ್ಕೆ ಸಲ್ಫೈಡ್ ವಿಷ, ಅದಕ್ಕೆ ಅದೇ ಸರಕು. ಬ್ಯಾಕ್ಟೀರಿಯಾ ಸಲ್ಫೈಡನ್ನು ಆಕ್ಸಿಜನ್ ಜೊತೆ ಸುಟ್ಟು, ಆ ಶಕ್ತಿಯಿಂದ ಇಂಗಾಲದ ಡೈಆಕ್ಸೈಡನ್ನು ಅನ್ನ ಮಾಡುತ್ತವೆ. ಹುಳು ಅದನ್ನೇ ಉಂಡು ಬೆಳೆಯುತ್ತೆ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಆ ಆಕ್ಸಿಜನ್ ಮೇಲಿನ ಬೆಳಕಿನಲ್ಲಿ ಗಿಡ ಮತ್ತು ಪಾಚಿ ಬಿಟ್ಟಿದ್ದು. ಧ್ರುವಗಳ ಹತ್ತಿರ ತಣ್ಣಗಾದ ಭಾರದ ನೀರು ಅದನ್ನು ಹೊತ್ತು ತಳಕ್ಕಿಳಿದು, ನೂರಾರು ವರ್ಷ ಹರಿದು ಇಲ್ಲಿಗೆ ಬರುತ್ತೆ. ಸೂರ್ಯನ ಹಂಗಿಲ್ಲ ಅನ್ನೋದು ಅರ್ಧ ಮಾತ್ರ ಸರಿ, ಅಲ್ವಾ? ನೀರಲ್ಲೇ ಇರುತ್ತೆ, ಸರಿ ಸರ್, ನೀರಿಗೆ ಯಾರು ಕೊಟ್ಟರು?

ನಿಜಕ್ಕೂ ಹಂಗಿಲ್ಲದವರು ಬೇರೆಯೇ ಇದ್ದಾರೆ. ಬಂಡೆಯಿಂದ ಬರುವ ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿಸಿ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ ಆಕ್ಸಿಜನ್ ಬೇಡವೇ ಬೇಡ. ಆದರೆ ಈ ದಾರಿಯಲ್ಲಿ ಸಿಗೋ ಶಕ್ತಿ ತುಂಬಾ ಕಮ್ಮಿ. ಕೆಂಪು ಗರಿಯ ಹುಳದಂಥ ದೊಡ್ಡ ಮೈ ಅದರಿಂದ ಸಾಗೋದಿಲ್ಲ. ಸ್ಲೈಡಿನಲ್ಲಿ ಆ ಸೂಕ್ಷ್ಮಜೀವಿಗಳು ಇರಲೇ ಇಲ್ಲ.